ಅಂಚು ಕಾಣುವ ಕೋಣೆ: ಕಣ್ಣು ಮಂದವಾದ ಹಿರಿಯರಿಗಾಗಿ ತಿಳಿ-ಗಾಢ ಬಣ್ಣಗಳ ಜೋಡಣೆ

ಕಣ್ಣು ಮಂದವಾದ ಹಿರಿಯರು ಮಂಚದ ಕಾಲಿಗೆ ಎಡವುತ್ತಾರೆ, ಕುರ್ಚಿ ಇದೆ ಎಂದುಕೊಂಡು ಅದರ ಪಕ್ಕದಲ್ಲಿ ಕೂರಲು ಹೋಗುತ್ತಾರೆ, ಬಚ್ಚಲಮನೆಯ ಮೆಟ್ಟಿಲನ್ನು ಗಮನಿಸದೆ ಕಾಲಿಡುತ್ತಾರೆ. ಇವು ಯಾವುವೂ ಕಣ್ಣಿಗೆ ಕಾಣದಷ್ಟು ಚಿಕ್ಕ ವಸ್ತುಗಳಲ್ಲ. ವಸ್ತುವಿನ ಬಣ್ಣ ಮತ್ತು ಅದರ ಹಿಂದಿರುವ ನೆಲ ಅಥವಾ ಗೋಡೆಯ ಬಣ್ಣ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿಯುವುದಿಲ್ಲ. ತಿಳಿ ಬಣ್ಣದ ಪಕ್ಕದಲ್ಲಿ ಗಾಢ ಬಣ್ಣ ಬರುವಂತೆ ಜೋಡಿಸಿದರೆ ಅಂಚು ಎದ್ದು ಕಾಣುತ್ತದೆ. ಇದಕ್ಕೆ ಮನೆ ಒಡೆದು ಕಟ್ಟಬೇಕಾಗಿಲ್ಲ. ಬಟ್ಟೆ, ಬಣ್ಣ, ಟೇಪು ಸಾಕು. ಆದರೆ ಯಾವುದನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದಕ್ಕೆ ಕ್ರಮವಿದೆ.

ಕಣ್ಣಿನಲ್ಲಿ ಆಗುವ ಬದಲಾವಣೆ

ಕಣ್ಣಾಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಪಟ ಬಿಳಿಯ ಮೇಲೆ ಅಚ್ಚ ಕಪ್ಪು. ಅದು ಅಳೆಯುವುದು ಎಷ್ಟು ಚಿಕ್ಕ ಅಕ್ಷರ ಕಾಣುತ್ತದೆ ಎಂಬುದನ್ನು ಮಾತ್ರ. ಎಷ್ಟು ಮಸುಕಾದುದು ಕಾಣುತ್ತದೆ ಎಂಬುದು ಬೇರೆಯೇ ಸಾಮರ್ಥ್ಯ. ಅದನ್ನು ಅಳೆಯಲು ಪೆಲ್ಲಿ-ರಾಬ್ಸನ್ ಎಂಬ ಪಟವಿದೆ, 1988ರಲ್ಲಿ ಬಂದದ್ದು. ಅದರಲ್ಲಿ ಅಕ್ಷರಗಳೆಲ್ಲ ಒಂದೇ ಗಾತ್ರದವು. ಕೆಳಗಿಳಿದಂತೆ ಮೂರು ಮೂರು ಅಕ್ಷರಗಳು ಮಸುಕಾಗುತ್ತ ಹೋಗಿ ಕೊನೆಗೆ ಬಿಳಿಯಲ್ಲಿ ಕರಗುತ್ತವೆ. ಕನ್ನಡಕ ಹಾಕಿ ದಿನಪತ್ರಿಕೆ ಓದುವ ಹಿರಿಯರು ಬಿಳಿ ನೆಲದ ಮೇಲಿನ ಬಿಳಿ ಕುರ್ಚಿಗೆ ಡಿಕ್ಕಿ ಹೊಡೆಯುವುದು ಈ ಎರಡನೆಯ ಸಾಮರ್ಥ್ಯ ಕುಗ್ಗಿದಾಗ. ಮನೆಯವರು ಇದನ್ನು ಅಜಾಗರೂಕತೆ ಎಂದುಕೊಳ್ಳುವುದುಂಟು.

ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕಣ್ಣಿನ ಮಸೂರ ದಪ್ಪವಾಗಿ ಹಳದಿಗೆ ತಿರುಗುತ್ತದೆ. 60 ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20 ವರ್ಷದವರಿಗೆ ಸಿಗುವುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಮಸೂರದಲ್ಲಿ ಪೊರೆ ಬಂದರೆ ಒಳಗೆ ಹೋದ ಬೆಳಕೂ ಚದುರಿ, ಇಡೀ ದೃಶ್ಯದ ಮೇಲೆ ತೆಳು ಮಂಜು ಹರಡಿದಂತಾಗುತ್ತದೆ. ಹಳದಿ ಮಸೂರ ನೀಲಿ ಬೆಳಕನ್ನು ತಡೆಯುವುದರಿಂದ ಕಡುನೀಲಿಗೂ ಕಪ್ಪಿಗೂ, ತಿಳಿಹಳದಿಗೂ ಬಿಳಿಗೂ ಇರುವ ಅಂತರ ಅಳಿಸಿಹೋಗುತ್ತದೆ. ಗ್ಲಾಕೋಮಾದಲ್ಲಿ ನೋಟದ ಬದಿಗಳು ಕಳೆದುಹೋಗುತ್ತವೆ. ಕಾಲ ಬಳಿ ಇರುವುದು ಕಾಣದಿರಬಹುದು. ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆಯಲ್ಲಿ ನೇರ ಎದುರಿಗಿರುವುದೇ ಮಸುಕಾಗುತ್ತದೆ. ಕಾಯಿಲೆ ಯಾವುದಾದರೂ ಉಳಿದಿರುವ ದೃಷ್ಟಿಗೆ ಸ್ಪಷ್ಟ ಅಂಚು ಸಿಗುವಂತೆ ಮಾಡಬಹುದು.

ಬೇಕಿರುವುದು ಬಣ್ಣದ ವ್ಯತ್ಯಾಸವಲ್ಲ, ಬೆಳಕಿನ ವ್ಯತ್ಯಾಸ

ಇಲ್ಲಿ ಹೆಚ್ಚಿನವರು ತಪ್ಪುವ ಜಾಗವೊಂದಿದೆ. ಕೆಂಪು ಮತ್ತು ಹಸಿರು ಒಳ್ಳೆಯ ಕಣ್ಣಿಗೆ ಬೇರೆ ಬೇರೆ ಬಣ್ಣ. ಆದರೆ ಇಟ್ಟಿಗೆ ಕೆಂಪಿನ ಗೋಡೆಗೆ ಒರಗಿಸಿದ ಎಲೆಹಸಿರು ಕುರ್ಚಿ ಮಂದ ಕಣ್ಣಿಗೆ ಗೋಡೆಯ ಭಾಗವೇ ಆಗಿಬಿಡುತ್ತದೆ, ಏಕೆಂದರೆ ಎರಡೂ ಹೆಚ್ಚುಕಡಿಮೆ ಅಷ್ಟೇ ಬೆಳಕನ್ನು ಹಿಂದಿರುಗಿಸುತ್ತವೆ. ಒಂದು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದೇ ಇಲ್ಲಿ ಲೆಕ್ಕಕ್ಕೆ ಬರುವ ಅಂಕಿ. ಕೆಲವು ಬಣ್ಣದ ಕಂಪನಿಗಳು ಶೇಡ್ ಕಾರ್ಡಿನಲ್ಲಿ ಇದನ್ನು ಎಲ್‌ಆರ್‌ವಿ ಎಂಬ ಹೆಸರಿನಲ್ಲಿ ಕೊಡುತ್ತವೆ. ಅಚ್ಚ ಬಿಳಿ ಸುಣ್ಣದ ಗೋಡೆಗೆ ಇದು ಸುಮಾರು 85, ಕೆನೆಬಣ್ಣದ ಟೈಲಿಗೆ ಸುಮಾರು 70, ಕಡುಕಂದು ಮರಕ್ಕೆ 10ರ ಆಸುಪಾಸು, ಕಪ್ಪು ಬಟ್ಟೆಗೆ 5.

ಅಕ್ಕಪಕ್ಕದ ಎರಡು ಮೇಲ್ಮೈಗಳ ನಡುವೆ ಕನಿಷ್ಠ 30 ಅಂಕಗಳ ಅಂತರ ಇರಬೇಕೆಂದು ಬ್ರಿಟನ್ನಿನ ಕಟ್ಟಡ ಮಾನದಂಡ ಬಿಎಸ್ 8300 ಹೇಳುತ್ತದೆ. ಆದರೆ ಕಣ್ಣು ಗ್ರಹಿಸುವುದು ಅಂತರಕ್ಕಿಂತ ಹೆಚ್ಚಾಗಿ ಪಟ್ಟನ್ನು. 85ರ ಪಕ್ಕದಲ್ಲಿ 55 ಇದ್ದರೆ ಅಂತರ 30 ಆದರೂ ಒಂದು ಇನ್ನೊಂದರ ಒಂದೂವರೆ ಪಟ್ಟು ಮಾತ್ರ. 40ರ ಪಕ್ಕದಲ್ಲಿ 10 ಇದ್ದರೆ ಅದೇ 30 ಅಂತರ ನಾಲ್ಕು ಪಟ್ಟಾಗುತ್ತದೆ, ಅಂಚು ಬಹಳ ಸ್ಪಷ್ಟವಾಗುತ್ತದೆ. ಹಾಗಾಗಿ ಎರಡರಲ್ಲಿ ಒಂದು ನಿಜವಾಗಿಯೂ ಗಾಢವಾಗಿರಬೇಕು. ಎರಡು ತಿಳಿ ಬಣ್ಣಗಳ ನಡುವೆ ಎಷ್ಟು ಹುಡುಕಿದರೂ ಸಾಕಷ್ಟು ವ್ಯತ್ಯಾಸ ಸಿಗುವುದಿಲ್ಲ.

ಬಣ್ಣದ ಹೆಸರಿಗಿಂತ ಗಾಢತೆಯೇ ಮುಖ್ಯ ಎಂಬುದಕ್ಕೆ 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಸಾಕ್ಷಿ. ತೀವ್ರ ಆಲ್‌ಝೈಮರ್ ಇದ್ದ ಒಂಬತ್ತು ಜನರಿಗೆ ಬಿಳಿ ತಟ್ಟೆ-ಲೋಟಗಳ ಬದಲು ಗಾಢ ಕೆಂಪಿನವನ್ನು ಕೊಟ್ಟಾಗ ಅವರು ಊಟ ಮಾಡುವ ಪ್ರಮಾಣ ಶೇ. 25ರಷ್ಟು, ದ್ರವ ಸೇವಿಸುವ ಪ್ರಮಾಣ ಶೇ. 84ರಷ್ಟು ಹೆಚ್ಚಿತು. ಗಾಢ ನೀಲಿಯೂ ಫಲ ಕೊಟ್ಟಿತು. ತಿಳಿ ಕೆಂಪು, ತಿಳಿ ನೀಲಿ ಕೊಡಲಿಲ್ಲ.

ಮನೆಯಲ್ಲಿ ಇದನ್ನು ಅಳೆಯಲು ಉಪಕರಣ ಬೇಡ. ಮೊಬೈಲ್ ಕ್ಯಾಮೆರಾವನ್ನು ಕಪ್ಪು-ಬಿಳುಪಿಗೆ ಬದಲಿಸಿ, ಹಿರಿಯರು ಮಂಚದ ಮೇಲೆ ಕೂತಾಗ ಅವರ ಕಣ್ಣು ಇರುವ ಎತ್ತರದಿಂದ ಕೋಣೆಯ ಫೋಟೋ ತೆಗೆಯಬೇಕು. ಬಣ್ಣ ಹೋದ ಮೇಲೆ ಯಾವ ಅಂಚು ಉಳಿಯಿತು, ಯಾವುದು ಹಿಂದಿನದರಲ್ಲಿ ಬೆರೆತುಹೋಯಿತು ಎಂಬುದು ಆ ಚಿತ್ರದಲ್ಲಿ ಗೊತ್ತಾಗುತ್ತದೆ. ಇನ್ನೂ ಕಠಿಣವಾದ ಪರೀಕ್ಷೆ ಬೇಕಿದ್ದರೆ ಕ್ಯಾಮೆರಾದ ಮುಂದೆ ತೆಳುವಾದ ಪಾಲಿಥೀನ್ ಹಾಳೆ ಹಿಡಿಯಬಹುದು; ಪೊರೆ ಬಂದ ಕಣ್ಣಿನ ಮಂಜಿಗೆ ಅದು ಹತ್ತಿರ. ಹಗಲಿನಲ್ಲಿ ಒಮ್ಮೆ, ರಾತ್ರಿ ದೀಪ ಹಚ್ಚಿ ಒಮ್ಮೆ ನೋಡಬೇಕು. ಎರಡೂ ಹೊತ್ತಿನಲ್ಲಿ ಉಳಿದ ಅಂಚನ್ನು ಮಾತ್ರ ನೆಚ್ಚಬಹುದು.

ಒಂದು ಕೋಣೆ: ಮಂಚದಿಂದ ಬಚ್ಚಲಿಗೆ

ಇಂದಿನ ಫ್ಲಾಟುಗಳಲ್ಲಿ ಸಾಮಾನ್ಯವಾಗಿ ಸಿಗುವ ಕೋಣೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಕೆನೆಬಣ್ಣದ ಹೊಳೆಯುವ ವಿಟ್ರಿಫೈಡ್ ಟೈಲು, ಕೆನೆಬಣ್ಣದ ಗೋಡೆ, ಬಿಳಿ ಹೊದಿಕೆಯ ಮಂಚ, ಬಿಳಿ ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಬಣ್ಣದ್ದೇ ಬಾಗಿಲು. ಪಕ್ಕದಲ್ಲಿ ಬಚ್ಚಲಮನೆ, ಅದರ ನೆಲ ಕೋಣೆಗಿಂತ ಎರಡು ಇಂಚು ತಗ್ಗು. ಇಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿರುವ 78 ವರ್ಷದ ತಾಯಿಯೊಬ್ಬರು ಇದ್ದಾರೆ ಎಂದುಕೊಳ್ಳೋಣ. ಕಪ್ಪು-ಬಿಳುಪು ಫೋಟೋದಲ್ಲಿ ಈ ಕೋಣೆಯ ಎಲ್ಲವೂ ಒಂದೇ ಬೂದು ಬಣ್ಣ. ಇಲ್ಲಿನ ವಸ್ತುಗಳನ್ನೆಲ್ಲ ಎದ್ದು ಕಾಣಿಸುವ ಅಗತ್ಯವಿಲ್ಲ. ಅವರು ರಾತ್ರಿ ಎದ್ದು ಬಚ್ಚಲಿಗೆ ಹೋಗಿ ಬರುವ ದಾರಿಯನ್ನು ಹಿಡಿದು, ಅದರಲ್ಲಿ ಕೈಕಾಲು ತಾಗುವ ಅಂಚುಗಳನ್ನು ಮಾತ್ರ ಸರಿಪಡಿಸಬೇಕು.

ಮೊದಲನೆಯದು ಮಂಚ. ಕೂರುವಾಗ ತೊಡೆಗೆ ತಾಗುವ ಅಂಚು ನೆಲದಿಂದ ಬೇರೆಯಾಗಿ ಕಾಣಬೇಕು. ನೆಲ ತಿಳಿಯಾಗಿರುವುದರಿಂದ ಗಾಢ ಕಂದು ಅಥವಾ ಗಾಢ ಮೆರೂನ್ ಬಣ್ಣದ, ವಿನ್ಯಾಸವಿಲ್ಲದ ಹೊದಿಕೆ ಹಾಸಿ, ಅದನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಮಡಚಬೇಕು. ಅಂಚಿನಿಂದ ಇಳಿಬಿದ್ದ ಬಟ್ಟೆ ಹಾಸಿಗೆ ಇನ್ನೂ ಮುಂದಕ್ಕಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಅದರ ಮೇಲೆ ಕೂರಲು ಹೋದವರು ಜಾರಿ ಬೀಳುತ್ತಾರೆ, ಕಾಲಿಗೂ ಸಿಕ್ಕಿಕೊಳ್ಳುತ್ತದೆ. ದಿಂಬಿನ ಕವರು ಮಾತ್ರ ತಿಳಿಯಾಗಿರಲಿ, ತಲೆಯ ಕಡೆ ಯಾವುದೆಂದು ಅದರಿಂದ ತಿಳಿಯುತ್ತದೆ. ಹೂವಿನ ಚಿತ್ರದ ಹಾಸು ಬೇಡ. ಅದರ ಮೇಲಿಟ್ಟ ಕನ್ನಡಕ, ಮಾತ್ರೆ, ಮೊಬೈಲು ಯಾವುದೂ ಕಣ್ಣಿಗೆ ಸಿಗುವುದಿಲ್ಲ.

ಎರಡನೆಯದು ಕುರ್ಚಿ. ಬಿಳಿ ಕುರ್ಚಿಯ ಬದಲು ಗಾಢ ಬಣ್ಣದ, ಕೈಯಿರುವ ಕುರ್ಚಿ ಒಳ್ಳೆಯದು. ಇರುವುದನ್ನೇ ಬಳಸಬೇಕೆಂದರೆ ಗಾಢ ಬಟ್ಟೆಯ ಕವರು ಹೊಲಿಸಿ, ಜಾರದಂತೆ ನಾಲ್ಕೂ ಮೂಲೆಗೆ ಲಾಡಿ ಕಟ್ಟಬೇಕು. ಕೂರುವ ಜಾಗದ ಮುಂದಿನ ಅಂಚು ಮತ್ತು ಕೈಗಳ ತುದಿ ಕಾಣುವುದು ಮುಖ್ಯ, ಏಕೆಂದರೆ ತಿರುಗಿ ಕೂರುವವರು ಮೊದಲು ಹುಡುಕುವುದು ಅವನ್ನೇ. ಕುರ್ಚಿಯನ್ನು ಕಿಟಕಿಯ ಮುಂದೆ ಇಡಬಾರದು. ಹಿಂದಿನಿಂದ ಬರುವ ಬೆಳಕು ಕಣ್ಣಿಗೆ ಹೊಡೆದು, ಪೊರೆ ಬಂದ ಕಣ್ಣಿಗೆ ಕುರ್ಚಿಯೇ ಮಾಯವಾಗುತ್ತದೆ. ಗಾಜಿನ ಟೀಪಾಯಿ ಇದ್ದರೆ ಅದನ್ನು ಕೋಣೆಯಿಂದ ಹೊರಗಿಡುವುದೇ ಸರಿ.

ಮೂರನೆಯದು ಬಾಗಿಲು. ಮುಚ್ಚಿದ ಬಾಗಿಲಿಗಿಂತ ಅರ್ಧ ತೆರೆದ ಬಾಗಿಲೇ ಅಪಾಯಕಾರಿ. ಎದುರಿಗೆ ಕಾಣುವುದು ಹಲಗೆಯ ದಪ್ಪ ಮಾತ್ರ, ಅದು ಒಂದೂಕಾಲು ಇಂಚಿನ ಒಂದು ಗೆರೆ. ಹಣೆ, ಮೂಗು ಒಡೆಯುವುದು ಅದಕ್ಕೇ. ಆ ದಪ್ಪದ ಉದ್ದಕ್ಕೂ ಮೇಲಿನಿಂದ ಕೆಳಗಿನವರೆಗೆ ಗಾಢ ಎನಾಮೆಲ್ ಬಣ್ಣ ಬಳಿಯಬೇಕು. ಚೌಕಟ್ಟಿಗೂ ಅದೇ ಬಣ್ಣ ಬಳಿದರೆ ಗೋಡೆಯಲ್ಲಿ ದಾರಿ ಎಲ್ಲಿದೆ ಎಂಬುದು ದೂರದಿಂದಲೇ ತಿಳಿಯುತ್ತದೆ. ಬಿಳಿ ಸ್ವಿಚ್‌ಬೋರ್ಡಿನ ಸುತ್ತ ಗೋಡೆಯ ಮೇಲೆ ಅರ್ಧ ಇಂಚಿನ ಗಾಢ ಚೌಕಟ್ಟು ಬಳಿದರೆ ಕೈ ನೇರವಾಗಿ ಅಲ್ಲಿಗೆ ಹೋಗುತ್ತದೆ. ಟೇಪನ್ನು ಸ್ವಿಚ್ಚಿನ ಮೇಲೆ, ಪ್ಲಗ್ಗಿನ ತೂತಿನ ಬಳಿ ಅಂಟಿಸಬಾರದು.

ನಾಲ್ಕನೆಯದು ಬಚ್ಚಲಿನ ಮೆಟ್ಟಿಲು. ಇಡೀ ಕೋಣೆಯಲ್ಲಿ ಒಂದೇ ಕೆಲಸ ಮಾಡಲು ಸಾಧ್ಯವಿದ್ದರೆ ಇದನ್ನೇ ಮಾಡಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಇಂಚು ಅಗಲದ, ಮೇಲ್ಮೈ ಉಪ್ಪುಕಾಗದದಂತೆ ಒರಟಾಗಿರುವ ಆ್ಯಂಟಿ-ಸ್ಕಿಡ್ ಟೇಪು ಸಿಗುತ್ತದೆ. ಕೆನೆಬಣ್ಣದ ಟೈಲಿಗೆ ಕಪ್ಪು ಟೇಪನ್ನೇ ಕೇಳಬೇಕು. ಎಚ್ಚರಿಕೆಯ ಬಣ್ಣ ಹಳದಿ ಎಂದುಕೊಂಡು ಹಳದಿ ತಂದರೆ, ತಿಳಿಹಳದಿಯನ್ನು ಬಿಳಿಯೆಂದು ಕಾಣುವ ಕಣ್ಣಿಗೆ ಅದು ಟೈಲಿನಲ್ಲೇ ಕರಗುತ್ತದೆ. ಟೈಲನ್ನು ಸೋಪಿನ ನೀರಿನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಸ್ಪಿರಿಟ್ಟಿನಲ್ಲಿ ಒರೆಸಿದ ಮೇಲೆ ಅಂಟಿಸಬೇಕು. ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ. ಒಂದು ದಿನ ಅದಕ್ಕೆ ನೀರು ಸೋಕಬಾರದು. ಪಟ್ಟಿ ಮೆಟ್ಟಿಲಿನ ತುದಿಗೆ ಸರಿಯಾಗಿ ಬರಬೇಕು. ಎರಡು ಮೂರು ಇಂಚು ಹಿಂದಕ್ಕೆ ಸರಿದರೆ ನಡೆಯುವವರು ಪಟ್ಟಿಯನ್ನೇ ತುದಿ ಎಂದು ತಿಳಿದು ಅಲ್ಲೇ ಕಾಲು ಇಳಿಸಲು ನೋಡುತ್ತಾರೆ. ಪಟ್ಟಿ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು.

ಐದನೆಯದು ಬಚ್ಚಲಿನ ಒಳಭಾಗ. ಬಿಳಿ ಕಮೋಡಿಗೆ ಗಾಢ ಬಣ್ಣದ ಸೀಟು ಕವರು ಹಾಕಿಸಬಹುದು. ಸಿಗದಿದ್ದರೆ ಕಮೋಡಿನ ಹಿಂದಿನ ಗೋಡೆಯ ಭಾಗವನ್ನು ಗಾಢ ಮಾಡಿದರೂ ಅದರ ಆಕಾರ ಕಾಣುತ್ತದೆ. ಹಿಡಿದುಕೊಳ್ಳಲು ಹಾಕಿಸುವ ಸ್ಟೀಲ್ ಸರಳು ಹೊಳೆಯುವ ಟೈಲಿನ ಮೇಲೆ ಕಾಣುವುದೇ ಇಲ್ಲ. ಗಾಢ ಬಣ್ಣದ ಲೇಪನವಿರುವ ಸರಳನ್ನೇ ಹಾಕಿಸಬೇಕು. ಬಟ್ಟೆಯ ಟೇಪು ಸುತ್ತಿದರೆ ನೀರು ಕುಡಿದು ಸಡಿಲವಾಗಿ ಕೈಯಲ್ಲೇ ತಿರುಗುತ್ತದೆ. ಪಾರದರ್ಶಕ ಮಗ್ಗು, ಬಿಳಿ ಬಕೆಟ್ಟು ತೆಗೆದು ಗಾಢ ಬಣ್ಣದವನ್ನು ಇಡುವುದು ಸುಲಭದ ಬದಲಾವಣೆ.

ರೆಡ್ ಆಕ್ಸೈಡ್ ನೆಲದ ಹಳೆಯ ಮನೆಯಲ್ಲಿ

ಹಳೆಯ ಮನೆಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ರೆಡ್ ಆಕ್ಸೈಡಿನ ಕಡುಕೆಂಪು ನೆಲ, ಬೀಟೆ ಮರದ ಮಂಚ, ಕಪ್ಪಾದ ಮರದ ಬಾಗಿಲು ಮೂರೂ ಗಾಢ. ಇಲ್ಲಿ ಬೇಕಾದುದು ತಿಳಿ ಬಣ್ಣ. ಮಂಚಕ್ಕೆ ಕೆನೆಬಣ್ಣದ ಅಥವಾ ಬಿಳಿಯ ಹೊದಿಕೆ, ಕುರ್ಚಿಗೆ ತಿಳಿ ದಿಂಬು, ಹೊರಚಾಚಿದ ಮಂಚದ ಕಾಲಿಗೆ ಬಿಳಿ ಬಣ್ಣದ ಪಟ್ಟಿ. ಫ್ಲಾಟಿನಲ್ಲಿ ಸೋತ ಹಳದಿ ಇಲ್ಲಿ ಗೆಲ್ಲುತ್ತದೆ.

ಈ ಮನೆಗಳ ಎತ್ತರದ ಮರದ ಹೊಸ್ತಿಲು ಕಾಲಿಗೆ ತಾಗುವ ಮುಖ್ಯ ಜಾಗ. ಹೊಸ್ತಿಲಿಗೆ ಅರಿಶಿನ ಬಳಿಯುವ ರೂಢಿ ಕನ್ನಡದ ಮನೆಗಳಲ್ಲಿದೆ. ಕಪ್ಪಾದ ಮರದ ಮೇಲೆ ಹೊಸ ಅರಿಶಿನ ಚೆನ್ನಾಗಿಯೇ ಕಾಣುತ್ತದೆ. ಆದರೆ ತುಳಿದು, ಒರೆಸಿ ಅದು ಬೇಗ ಮಾಸುತ್ತದೆ, ಹೆಚ್ಚಾಗಿ ಒಂದೇ ಬದಿಗೆ ಬಳಿದಿರುತ್ತದೆ. ಹಳದಿ ಎನಾಮೆಲ್ ಬಣ್ಣವನ್ನು ಹೊಸ್ತಿಲಿನ ಮೇಲ್ಭಾಗಕ್ಕೆ ಮತ್ತು ಎರಡೂ ಬದಿಯ ನೇರ ಮುಖಗಳಿಗೆ ಬಳಿದರೆ ಒಳಗಿಂದ ಬರುವಾಗಲೂ ಹೊರಗಿಂದ ಬರುವಾಗಲೂ ಅದರ ಎತ್ತರ ತಿಳಿಯುತ್ತದೆ. ಕಾಲಿಡುವ ಮೇಲ್ಭಾಗ ಜಾರದಂತೆ, ಬಣ್ಣ ಹಸಿಯಿರುವಾಗಲೇ ಅದರ ಮೇಲೆ ಸಣ್ಣ ಮರಳು ಉದುರಿಸಬಹುದು.

ಎಲ್ಲಿ ಗುರುತು ಹಾಕಬಾರದು

ನೆಲದ ಮೇಲಿನ ಗಾಢ ಗುರುತು ಒಂದೇ ಅರ್ಥ ಕೊಡಬೇಕು: ಇಲ್ಲಿ ಎತ್ತರ ಬದಲಾಗುತ್ತದೆ. ಸಮತಟ್ಟಾದ ತಿಳಿ ನೆಲದ ನಡುವೆ ಹಾಸಿದ ಕಪ್ಪು ಮ್ಯಾಟು ಮಂದ ಕಣ್ಣಿಗೆ ಗುಂಡಿಯಂತೆ ಕಾಣಬಹುದು. ಮರೆಗುಳಿತನವೂ ಇರುವವರು ಅದರ ಮುಂದೆ ನಿಂತುಬಿಡುತ್ತಾರೆ, ಇಲ್ಲವೇ ಅದನ್ನು ದಾಟಲು ಕಾಲೆತ್ತಿ ಸಮತೋಲನ ಕಳೆದುಕೊಳ್ಳುತ್ತಾರೆ. ಮ್ಯಾಟಿನ ಬಣ್ಣ ನೆಲದ ಬಣ್ಣಕ್ಕೆ ಹತ್ತಿರವಾಗಿ, ಅಡಿ ಜಾರದಂತಿರಬೇಕು. ಮ್ಯಾಟು ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಕಪ್ಪು-ಬಿಳಿ ಚೌಕಗಳ ಟೈಲು, ಪಟ್ಟೆಪಟ್ಟೆ ಜಮಖಾನೆ ಇವೂ ಹೀಗೆಯೇ: ಎಲ್ಲ ಕಡೆ ಅಂಚು ಇದ್ದರೆ ನಿಜವಾದ ಅಂಚು ಯಾವುದೆಂದು ತಿಳಿಯುವುದಿಲ್ಲ.

ಹೊಳಪೂ ತೊಂದರೆಯೇ. ಮೇಲಿನ ದೀಪ ಹೊಳೆಯುವ ಟೈಲಿನಲ್ಲಿ ಪ್ರತಿಫಲಿಸಿದಾಗ ಆ ಜಾಗ ಒದ್ದೆಯಾಗಿರುವಂತೆ ಕಾಣುತ್ತದೆ, ಅಲ್ಲಿ ಅಂಟಿಸಿದ ಗಾಢ ಪಟ್ಟಿಯೂ ಬೆಳ್ಳಗೆ ಹೊಳೆದು ಮಾಯವಾಗುತ್ತದೆ. ಬಲ್ಬು ಕಣ್ಣಿಗೆ ಕಾಣದಂತೆ ಅಡ್ಡ ಮುಚ್ಚಿರುವ ಎರಡು ದೀಪಗಳು, ಬರಿ ಬಲ್ಬಿನ ಒಂದೇ ಪ್ರಖರ ದೀಪಕ್ಕಿಂತ ಉತ್ತಮ. ಆದರೆ ಬೆಳಕೇ ಇಲ್ಲದಿದ್ದರೆ ಎಷ್ಟು ಗಾಢ ಬಣ್ಣ ಬಳಿದರೂ ಫಲವಿಲ್ಲ. ಮಂಚದ ಕೆಳಗೆ ಮತ್ತು ಬಚ್ಚಲಿನ ಬಾಗಿಲ ಬಳಿ, ಮೊಣಕಾಲಿಗಿಂತ ಕೆಳಗೆ, ಯಾರಾದರೂ ಚಲಿಸಿದಾಗ ತಾನೇ ಹೊತ್ತಿಕೊಳ್ಳುವ ಸಣ್ಣ ಎಲ್‌ಇಡಿ ದೀಪ ಹಾಕಿದರೆ ರಾತ್ರಿಯ ದಾರಿಗೆ ಸಾಕು.

ಆದ ಮೇಲೆ ನೋಡಬೇಕಾದ್ದು

ಜೋಡಣೆ ಸರಿಯಾಗಿದೆಯೇ ಎಂಬುದನ್ನು ಹಿರಿಯರ ನಡಿಗೆಯೇ ಹೇಳುತ್ತದೆ. ಮಂಚದ ಅಂಚನ್ನು ಕೈಯಿಂದ ತಡಕದೆ ಕೂರುತ್ತಾರೆಯೇ, ಮೆಟ್ಟಿಲಿನ ಬಳಿ ಹೆಜ್ಜೆ ಸಲೀಸಾಗಿ ಇಳಿಯುತ್ತದೆಯೇ, ಸ್ವಿಚ್ಚಿಗೆ ಕೈ ಒಂದೇ ಸಲಕ್ಕೆ ಹೋಗುತ್ತದೆಯೇ ಎಂದು ದೂರದಿಂದ ನೋಡಬೇಕು. ಯಾವುದಾದರೂ ಗುರುತಿನ ಮುಂದೆ ಅವರು ಹಿಂಜರಿದು ನಿಂತರೆ ಆ ಗುರುತು ತಪ್ಪು ಜಾಗದಲ್ಲಿದೆ. ಬದಲಾವಣೆಗಳನ್ನು ಒಂದೊಂದಾಗಿ, ಅವರಿಗೆ ಹೇಳಿ, ಕೈಯಲ್ಲಿ ಮುಟ್ಟಿಸಿ ಮಾಡಬೇಕು. ಅವರ ನೆನಪಿನಲ್ಲಿ ಕೂತಿರುವ ಮಂಚ-ಕುರ್ಚಿಗಳ ಜಾಗವನ್ನು ಬದಲಿಸಬಾರದು. ತಿಂಗಳಿಗೊಮ್ಮೆ ಟೇಪಿನ ಅಂಚು ಎದ್ದಿದೆಯೇ ಎಂದು ಬೆರಳಾಡಿಸಿ ನೋಡಬೇಕು; ಎದ್ದ ಟೇಪೇ ಎಡವಲು ಕಾರಣವಾಗುತ್ತದೆ.

ಕೋಣೆಯ ಈ ಬದಲಾವಣೆಗಳು ಚಿಕಿತ್ಸೆಗೆ ಬದಲಿಯಲ್ಲ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಬಹುದು, ಹೆಚ್ಚಿನವರಿಗೆ ನೋಟವೂ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದ ನೋಟ ಮರಳುವುದಿಲ್ಲ. ಉಳಿದದ್ದನ್ನು ಔಷಧಿಯಿಂದ ಕಾಪಾಡಿಕೊಳ್ಳಬಹುದಷ್ಟೆ. ಆದ್ದರಿಂದ ಮೆಟ್ಟಿಲಿಗೆ ಪಟ್ಟಿ ಅಂಟಿಸುವ ವಾರದಲ್ಲೇ ಹಿರಿಯರನ್ನು ಕಣ್ಣಿನ ವೈದ್ಯರಿಗೂ ತೋರಿಸಿ. ಅಕ್ಷರಪಟ ಓದಿಸುವುದರ ಜೊತೆಗೆ ಮಸುಕಾದ ವಸ್ತುಗಳನ್ನು ಗುರುತಿಸುವ ಪರೀಕ್ಷೆಯನ್ನೂ ಮಾಡಲು ಕೇಳಿ.